ಹ್ಯಾಕರ್ ನಿಮ್ಮ ನಂಬರನ್ನೇ ತೆಗೆದುಹಾಕಿದ್ರೆ ಜಿಮೇಲ್ ವಾಪಸ್ ಬರುತ್ತಾ?

ನಮಸ್ಕಾರ! ಹಾಸನದಿಂದ ಒಬ್ಬರು ಕೇಳಿದ್ದಾರೆ: "ಜಿಮೇಲ್ ಹ್ಯಾಕ್ ಆಗಿದೆ. ಪಾಸ್‌ವರ್ಡ್ ಮಾತ್ರ ಅಲ್ಲ, ರಿಕವರಿ ನಂಬರ್, ರಿಕವರಿ ಇಮೇಲ್ ಎಲ್ಲಾ ಬದಲಾಯಿಸಿಬಿಟ್ಟಿದ್ದಾನೆ. ಇನ್ನು ಮುಗೀತಾ?"

ಮುಗಿದಿಲ್ಲ. ಆದರೆ ಬೇಗ ಮಾಡಬೇಕು.

[ಸ್ಕ್ರೀನ್: accounts.google.com/signin/recovery]

ಈ ಪುಟಕ್ಕೆ ಹೋಗಿ ನಿಮ್ಮ ಜಿಮೇಲ್ ವಿಳಾಸ ಹಾಕಿ. ನೀವು ದಿನಾ ಬಳಸುವ ಫೋನು, ಅದೇ ಬ್ರೌಸರ್, ಅದೇ ಮನೆ ವೈಫೈ ಇರಲಿ. ಗೂಗಲ್ ಇದನ್ನೂ ಗಮನಿಸುತ್ತದೆ. ಗಾಬರಿಯಲ್ಲಿ ಸೈಬರ್ ಸೆಂಟರ್‌ಗೆ ಓಡಿದರೆ, ಗೂಗಲ್ ಕಣ್ಣಿಗೆ ನೀವೂ ಕಳ್ಳನ ಥರಾನೇ ಕಾಣಿಸ್ತೀರಿ! ಹಳೇ ಪಾಸ್‌ವರ್ಡ್ ಕೇಳಿದರೆ ನೆನಪಿರುವುದನ್ನು ಹಾಕಿ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಹ್ಯಾಕರ್ ನಿಮ್ಮ ನಂಬರ್ ತೆಗೆದು ತನ್ನದು ಹಾಕಿದ ಅಂದುಕೊಳ್ಳಿ. ಗೂಗಲ್ ನಿಮ್ಮ ಹಳೇ ನಂಬರನ್ನು ಆ ಕ್ಷಣಕ್ಕೇ ಮರೆಯುವುದಿಲ್ಲ. ಬದಲಾದ ಮೇಲೂ 7 ದಿನದವರೆಗೆ ಹಳೇ ನಂಬರಿಗೆ ಅಥವಾ ಹಳೇ ರಿಕವರಿ ಇಮೇಲ್‌ಗೆ ಕೋಡ್ ಕಳಿಸುವ ಆಯ್ಕೆ ಕೊಡಬಹುದು. ಮೊದಲು ಹ್ಯಾಕರ್‌ನ ನಂಬರ್ ಕಾಣಿಸಿದರೆ ಎದೆ ಒಡೆದುಕೊಳ್ಳಬೇಡಿ. "Try another way" ಒತ್ತುತ್ತಾ ಹೋಗಿ, ನಿಮ್ಮ ನಂಬರಿನ ಕೊನೆಯ ಅಂಕಿಗಳು ಕಂಡರೆ ಅದನ್ನೇ ಆರಿಸಿ. "ಮುಂದಿನ ವಾರ ನೋಡೋಣ" ಅಂತ ಕೂತರೆ ಈ ಬಾಗಿಲೂ ಮುಚ್ಚಿಹೋಗುತ್ತದೆ.

ಆದರೆ ಕೋಡ್ ಬರಬೇಕಲ್ವಾ? ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ರಿಕವರಿ ನಂಬರ್ ಅಂತ ಇರುವುದು ಕಾಲೇಜಿನ ದಿನದ ಸಿಮ್. ರೀಚಾರ್ಜ್ ಮಾಡದೆ ಯಾವಾಗಲೋ ಬಂದ್ ಆಗಿದೆ. ನಮ್ಮ ದೇಶದಲ್ಲಿ ಹಾಗೆ ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಸುಮ್ನೆ ಇಟ್ಟು, ಆಮೇಲೆ ಬೇರೆಯವರಿಗೆ ಕೊಡಬಹುದು. ಅಂದರೆ ನಿಮ್ಮ ಕೋಡ್ ಇನ್ಯಾರದೋ ಫೋನಿಗೆ ಹೋಗುತ್ತದೆ!

ಇಮೇಲ್‌ನದ್ದೂ ಅದೇ ಕತೆ. ಎರಡು ಜಿಮೇಲ್ ಮಾಡಿ, ಒಂದಕ್ಕೊಂದು ರಿಕವರಿ ಅಂತ ಕೊಟ್ಟಿರುತ್ತಾರೆ. ಎರಡು ಪೆಟ್ಟಿಗೆಗೆ ಬೀಗ ಹಾಕಿ, ಒಂದರ ಕೀಲಿ ಇನ್ನೊಂದರೊಳಗೆ ಇಟ್ಟ ಹಾಗೆ. ಎರಡೂ ಲಾಕ್ ಆದರೆ ಆ ರಿಕವರಿ ಇಮೇಲ್ ಇದ್ದೂ ಇಲ್ಲದ ಹಾಗೆ. ಒಂದಕ್ಕಾದರೂ ಮನೆಯವರ ಇಮೇಲ್ ಕೊಡಿ.

ಟೈಮ್ ಆಗ್ತಿದೆ, ಉಳಿದದ್ದು ಬೇಗ ಬೇಗ. ಅಕೌಂಟ್ ಸಿಕ್ಕ ತಕ್ಷಣ ಪಾಸ್‌ವರ್ಡ್ ಬದಲಾಯಿಸಿ, ಗೊತ್ತಿಲ್ಲದ ಡಿವೈಸ್‌ಗಳನ್ನೆಲ್ಲ ಸೈನ್ ಔಟ್ ಮಾಡಿ, ರಿಕವರಿ ಜಾಗದಲ್ಲಿ ಅವನ ನಂಬರ್ ತೆಗೆಯಿರಿ. ಆಮೇಲೆ ಕಂಪ್ಯೂಟರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ಫಿಲ್ಟರ್, ಫಾರ್ವರ್ಡಿಂಗ್ ಎರಡನ್ನೂ ನೋಡಿ. ಬ್ಯಾಂಕಿನ ಮೇಲ್ ಬಂದ ಕೂಡಲೇ ಡಿಲೀಟ್ ಆಗಲಿ ಅಂತ ಕಳ್ಳ ಅಲ್ಲೊಂದು ಫಿಲ್ಟರ್ ಬಿಟ್ಟುಹೋಗಿರಬಹುದು. ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

"ಹಣ ಕೊಡಿ, ಅಕೌಂಟ್ ಬಿಡಿಸಿಕೊಡ್ತೀನಿ" ಅನ್ನೋರು ಈ ವಿಡಿಯೋದ ಕಾಮೆಂಟ್‌ಗೂ ಬಂದೇ ಬರ್ತಾರೆ. ಅವರಿಗೆ ಕೋಡ್ ಹೇಳಿದರೆ ಎರಡನೇ ಸಲ ಹ್ಯಾಕ್ ಆದ ಹಾಗೆ. ಕಂಡರೆ ರಿಪೋರ್ಟ್ ಮಾಡಿ, ನಾನು ಡಿಲೀಟ್ ಮಾಡ್ತೀನಿ.