ಬೌನ್ಸ್ ಆದ ಕಂತಿಗೆ ಮೊದಲ ಕರೆ: ಹೆದರಿಸದೆ ಹೇಳುವ ಬಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡುವುದು ಒಂದೇ ಒಂದು ಕರೆಯ ಬಗ್ಗೆ. ಬೈಕ್ ಸಾಲದ ಕಂತು 5ನೇ ತಾರೀಖು ಬೌನ್ಸ್ ಆಗಿದೆ, 9ನೇ ತಾರೀಖು ಟೆಲಿಕಾಲರ್ ಮೊದಲ ಸಲ ಫೋನ್ ಮಾಡುತ್ತಿದ್ದಾರೆ. ಮೂರು ತಿಂಗಳು ಬಾಕಿ ಉಳಿದವರ ವಿಷಯವೇ ಬೇರೆ, ಅದಕ್ಕೆ ಬೇರೆ ಸ್ಕ್ರಿಪ್ಟ್ ಬೇಕು.

ಈಗ ಚಾಲ್ತಿಯಲ್ಲಿರುವ ಸ್ಕ್ರಿಪ್ಟ್‌ಗಳು ಹೆಚ್ಚುಕಡಿಮೆ ಹೀಗಿರುತ್ತವೆ: "ಸರ್, ನಿಮ್ಮ ಕಂತು ಬೌನ್ಸ್ ಆಗಿದೆ. ಇವತ್ತೇ ಕಟ್ಟಿ. ಇಲ್ಲಾಂದ್ರೆ ದಿನಾ ದಂಡ ಬೀಳುತ್ತೆ, ಸಿಬಿಲ್ ಹಾಳಾಗುತ್ತೆ, ಮುಂದಿನ ಕ್ರಮ ತಗೋಬೇಕಾಗುತ್ತೆ." ಇದರಲ್ಲಿ ಬೈಗುಳವಿಲ್ಲ, 'ಸರ್' ಕೂಡ ಇದೆ. ಆದರೂ ಇದು ಬೆದರಿಕೆಯೇ. ಎಷ್ಟು ದಂಡ, ಯಾವಾಗ, ಯಾವ ಕ್ರಮ ಎಂಬುದು ಒಂದೂ ತಿಳಿಯುವುದಿಲ್ಲ. ತಿಳಿಯದೆ ಉಳಿದ ಜಾಗವನ್ನು ಕೇಳುವವರು ತಮ್ಮ ಭಯದಿಂದ ತುಂಬಿಕೊಳ್ಳುತ್ತಾರೆ. ಇಂಥ ಸ್ಕ್ರಿಪ್ಟ್‌ಗೆ ನಾಲ್ಕು 'ದಯವಿಟ್ಟು' ಸೇರಿಸಿ ಸೌಮ್ಯ ಮಾಡಿದೆವು ಅಂದುಕೊಳ್ಳುವವರಿದ್ದಾರೆ. ಅದರಿಂದ ಏನೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಮೊತ್ತ, ತಾರೀಖು ಮತ್ತು ಪರಿಣಾಮ ಹೇಳುವ ರೀತಿ.

ಮೊದಲು ಕರೆಯ ಆರಂಭ. ಸಾಲದ ಮಾತು ಬಾಯಿಗೆ ಬರುವ ಮುಂಚೆ ಎದುರಿಗಿರುವವರು ಸಾಲಗಾರರೇ ಎಂದು ಖಚಿತವಾಗಬೇಕು. "ನಮಸ್ಕಾರ, ನಾನು ಇಂಥ ಸಂಸ್ಥೆಯಿಂದ ರೇಖಾ. ಮಂಜುನಾಥ್ ಅವರು ಮಾತಾಡ್ತಿದ್ದೀರಾ?" ಹೌದು ಅಂದರೆ ಹುಟ್ಟಿದ ವರ್ಷವನ್ನೋ ವಾಹನ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನೋ ಕೇಳಿ ತಾಳೆ ನೋಡಬೇಕು. ಫೋನ್ ಎತ್ತಿದ್ದು ಹೆಂಡತಿಯೋ ತಮ್ಮನೋ ಆಗಿದ್ದರೆ, "ಅವರು ಬಿಡುವಾದಾಗ ಈ ನಂಬರಿಗೆ ಫೋನ್ ಮಾಡೋಕೆ ಹೇಳ್ತೀರಾ?" ಅಷ್ಟೇ. "ಏನು ವಿಷಯ?" ಎಂದರೆ, "ಅವರ ಹತ್ತಿರವೇ ಮಾತಾಡಬೇಕಿತ್ತು." ಸಂಸ್ಥೆಯ ಹೆಸರಿನಲ್ಲೇ 'ಫೈನಾನ್ಸ್' ಇದ್ದರೆ ಬೇರೆಯವರ ಮುಂದೆ ಆ ಹೆಸರೂ ಬೇಡ, ಕಾಲರ್ ಹೆಸರು ಸಾಕು. ಹಾಗಾಗಿ ಅಂಥ ಸಂಸ್ಥೆಗಳಲ್ಲಿ ಮೊದಲು ಯಾರೆಂದು ಕೇಳಿ, ಆಮೇಲೆ ಸಂಸ್ಥೆ ಹೇಳಬೇಕು. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಮನೆಯವರ, ಸ್ನೇಹಿತರ, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈಹಾಕಬಾರದು ಎಂದು ಹೇಳಿತು. ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡಬಾರದು ಎಂದದ್ದೂ ಅದೇ ಸುತ್ತೋಲೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ, 9ರಿಂದ 6. ತಾನಾಗಿ ಕರೆ ಹಚ್ಚುವ ಡಯಲರ್‌ನಲ್ಲಿ ಈ ಎರಡು ಬಗೆಯ ಸಾಲದ ಪಟ್ಟಿ ಒಂದೇ ಸಮಯಕ್ಕೆ ಓಡುವಾಗ ತಪ್ಪು ಆಗುವುದು ಇಲ್ಲೇ.

ಇನ್ನು ಮೊತ್ತ. ಲೆಕ್ಕ ಹಾಕಿ ನೋಡೋಣ. ಕಂತು ₹3,240. ಒಪ್ಪಂದದ ಪ್ರಕಾರ ಬೌನ್ಸ್ ಶುಲ್ಕ ₹350, ತಡವಾದ ಕಂತಿನ ಮೇಲೆ ದಂಡಶುಲ್ಕ ವರ್ಷಕ್ಕೆ ಶೇ. 24 ಎಂದಿಟ್ಟುಕೊಳ್ಳಿ. ದಿನಕ್ಕೆ ಬರುವುದು ₹2.13. ನಾಲ್ಕು ದಿನಕ್ಕೆ ಎಂಟೂವರೆ ರೂಪಾಯಿ. ಅಂದರೆ 9ಕ್ಕೆ ಕಟ್ಟಿದರೆ ಸುಮಾರು ₹3,599, 12ಕ್ಕೆ ಕಟ್ಟಿದರೆ ₹3,605. "ದಿನಾ ದಂಡ ಬೀಳುತ್ತೆ" ಎಂದು ಹೆದರಿಸುವ ದಂಡ ಇಷ್ಟು! ಅಂಕಿ ಹೇಳಿದ ಕೂಡಲೇ ಭಯದ ಜಾಗದಲ್ಲಿ ಲೆಕ್ಕ ಕೂರುತ್ತದೆ. ಹಾಗಾಗಿ ಸ್ಕ್ರಿಪ್ಟ್ ಹೀಗಿರಲಿ:

"ಮಂಜುನಾಥ್ ಅವರೇ, 5ನೇ ತಾರೀಖಿನ ಬೈಕ್ ಕಂತು ₹3,240 ನಿಮ್ಮ ಖಾತೆಯಿಂದ ಬಂದಿಲ್ಲ. ಬೌನ್ಸ್ ಶುಲ್ಕ ₹350, ಇವತ್ತಿನವರೆಗೆ ದಂಡಶುಲ್ಕ ₹9, ಎಲ್ಲಾ ಸೇರಿ ₹3,599. ಇದು ನಿಮಗೆ ಗೊತ್ತಾಗಿತ್ತಾ?"

ಕೊನೆಯ ಪ್ರಶ್ನೆ ಕೇಳಿ ಸುಮ್ಮನಿರಬೇಕು. ಕಾಲರ್‌ಗಳಿಗೆ ಇದೇ ಕಷ್ಟ. ಮೂರು ಸೆಕೆಂಡ್ ಮೌನ ಬಂದರೆ "ಯಾವಾಗ ಕಟ್ತೀರಾ?" ಎಂದು ನುಗ್ಗುತ್ತಾರೆ. ಸುಮ್ಮನಿದ್ದರೆ ನಿಜವಾದ ಕಾರಣ ಹೊರಬರುತ್ತದೆ: ಸಂಬಳ 7ಕ್ಕೆ ಬಂತು, ಖಾತೆ ಬದಲಾಗಿದೆ, ಆಸ್ಪತ್ರೆ ಖರ್ಚು ಬಂತು. ಸಂಬಳದ ದಿನವೇ ಕಾರಣವಾಗಿದ್ದರೆ ಕಂತಿನ ತಾರೀಖು ಬದಲಿಸಲು ಅರ್ಜಿ ಕೊಡುವ ದಾರಿ ನಿಮ್ಮ ಸಂಸ್ಥೆಯಲ್ಲಿ ಇದೆಯೇ ಎಂದು ಹೇಳಬೇಕು. ಇಲ್ಲದಿದ್ದರೆ ಮುಂದಿನ ತಿಂಗಳೂ ಇದೇ ಕರೆ.

ಕಾರಣ ಕೇಳಿದ ಮೇಲೆ, "ಯಾವ ದಿನ ಕಟ್ಟೋಕೆ ಆಗುತ್ತೆ?" ತಾರೀಖು ಅವರ ಬಾಯಿಂದಲೇ ಬರಲಿ. ಕಾಲರ್ "ನಾಳೆ ಅಂತ ಹಾಕ್ಲಾ?" ಎಂದು ಕೇಳಿ ಪಡೆದ ಪಿಟಿಪಿ, ಅಂದರೆ ಇಂಥ ದಿನ ಕಟ್ಟುತ್ತೇನೆಂಬ ಮಾತು, ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ದುಡ್ಡು ಮಾತ್ರ ಬರುವುದಿಲ್ಲ. ಸಾಲಗಾರರು ಫೋನ್ ಇಟ್ಟರೆ ಸಾಕು ಎಂದು ಹ್ಞೂಂ ಅಂದಿರುತ್ತಾರೆ. ನಾಳೆ ಎಂದ ಪಿಟಿಪಿಗಳು ಬಹುಪಾಲು ಮುರಿಯುತ್ತಿದ್ದರೆ ಆ ಕಾಲರ್‌ನ ಧ್ವನಿಮುದ್ರಣ ಕೇಳಿ, ತಾರೀಖನ್ನು ಯಾರು ಹೇಳಿದರು ಎಂದು ನೋಡಿ.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತನ್ನು ಸ್ಕ್ರಿಪ್ಟ್‌ಗಳು ಬಿಟ್ಟುಬಿಡುತ್ತವೆ. ಕಂತನ್ನು ಖಾತೆಯಿಂದ ತೆಗೆಯಲು ಸಾಲಗಾರರು ಕೊಟ್ಟ ಒಪ್ಪಿಗೆಯೇ ಮ್ಯಾಂಡೇಟ್. ಅದು ಬೌನ್ಸ್ ಆದರೆ ಸಂಸ್ಥೆ ಮತ್ತೆ ಬ್ಯಾಂಕಿಗೆ ಕಳಿಸುವುದುಂಟು. 12ಕ್ಕೆ ಹೀಗೆ ಕಳಿಸುವುದಿದೆ ಎಂದುಕೊಳ್ಳಿ. ಮಂಜುನಾಥ್ 11ರ ರಾತ್ರಿ ಯುಪಿಐಯಲ್ಲಿ ಕಟ್ಟುತ್ತಾರೆ, ಬೆಳಿಗ್ಗೆ ಖಾತೆಯಿಂದಲೂ ಕಂತು ಹೋಗುತ್ತದೆ. ಇಲ್ಲವೇ ಖಾತೆಯಲ್ಲಿ ದುಡ್ಡಿಲ್ಲದೆ ಎರಡನೇ ಬೌನ್ಸ್ ಆಗಿ ಅವರ ಬ್ಯಾಂಕೂ ಶುಲ್ಕ ಹಿಡಿಯುತ್ತದೆ. ಆದ್ದರಿಂದ: "12ಕ್ಕೆ ಮತ್ತೆ ಖಾತೆಯಿಂದ ತೆಗೆಯೋದಿದೆ. ಖಾತೆಯಲ್ಲೇ ದುಡ್ಡು ಇಡ್ತೀರಾ, ಅಥವಾ ಆ್ಯಪ್‌ನಲ್ಲಿ ಕಟ್ತೀರಾ? ಆ್ಯಪ್ ಆದರೆ 10ರ ಒಳಗೆ ಕಟ್ಟಿ, ಎರಡು ಸಲ ಹೋಗೋದು ತಪ್ಪುತ್ತೆ. ಓಟಿಪಿ, ಪಿನ್ ನಾವು ಕೇಳಲ್ಲ. ನನ್ನ ಅಥವಾ ಬೇರೆ ಯಾರ ಸ್ವಂತ ನಂಬರಿಗೂ ಕಳಿಸಬೇಡಿ." ಕೊನೆಯ ಎರಡು ವಾಕ್ಯವನ್ನು ಉಳಿಸಿಕೊಳ್ಳಲೇಬೇಕು. ಈಗ ಸಾಲದ ಕರೆ ಎಂದರೆ ಮೋಸದ ಕರೆ ಎಂದೇ ಜನ ಮೊದಲು ಅನುಮಾನಿಸುತ್ತಾರೆ, ಅದು ಸರಿಯೂ ಹೌದು.

ಪರಿಣಾಮದ ಮಾತು ಬರುವುದು "ಕಟ್ಟದಿದ್ದರೆ ಏನಾಗುತ್ತೆ?" ಎಂದು ಅವರು ಕೇಳಿದಾಗ. ಆಗ ಮುಚ್ಚಿಡುವುದೂ ತಪ್ಪು, ಹಿಗ್ಗಿಸುವುದೂ ತಪ್ಪು. "ದಂಡಶುಲ್ಕ ದಿನಕ್ಕೆ ಎರಡು ರೂಪಾಯಿಯಷ್ಟು ಸೇರುತ್ತೆ. ವರದಿ ಕಳಿಸೋ ದಿನ ಬಾಕಿ ಇದ್ದರೆ ಎಷ್ಟು ದಿನ ತಡ ಅನ್ನೋದು ಕ್ರೆಡಿಟ್ ವರದಿಯಲ್ಲಿ ಬರುತ್ತೆ. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ, ಆಗುತ್ತೆ." ಇಷ್ಟು. "ಸಿಬಿಲ್ ಹಾಳಾಗುತ್ತೆ" ಬೇಡ, ಅಂಕ ಎಷ್ಟು ಇಳಿಯುತ್ತದೆ ಎಂದು ಕಾಲರ್‌ಗೆ ಗೊತ್ತಿರುವುದಿಲ್ಲ.

'ಪೊಲೀಸ್', 'ಕೇಸ್' ಎಂಬ ಪದಗಳು ಈ ಕರೆಯಲ್ಲಿ ಬರಲೇಬಾರದು. ಕಂತು ತಪ್ಪಿದ್ದಕ್ಕೆ ಪೊಲೀಸರು ಮನೆಗೆ ಬರುವುದಿಲ್ಲ. ಚೆಕ್ ಬೌನ್ಸ್‌ಗೆ 138ನೇ ಸೆಕ್ಷನ್ ಇದೆ, ಮ್ಯಾಂಡೇಟ್ ಬೌನ್ಸ್‌ಗೂ ಅಂಥದ್ದೇ ಕಾನೂನಿದೆ, ನಿಜ. ಆದರೆ ಅಲ್ಲಿ ಮೊದಲು ಲಿಖಿತ ನೋಟಿಸ್, ಅದು ತಲುಪಿದ ಮೇಲೆ 15 ದಿನ ಗಡುವು, ಆಮೇಲೆ ನ್ಯಾಯಾಲಯ. ನಾಲ್ಕನೇ ದಿನ ಟೆಲಿಕಾಲರ್ ಅದನ್ನು ಬಾಯಲ್ಲಿ ಹೇಳಿದರೆ ದಾರಿತಪ್ಪಿಸಿದಂತೆ. ಕರ್ನಾಟಕದಲ್ಲಂತೂ 2025ರಲ್ಲಿ ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯ ಕಾನೂನೇ ಬಂದಿದೆ.

ಕೆಲವು ಕರೆಗಳಲ್ಲಿ ಸ್ಕ್ರಿಪ್ಟ್ ನಿಲ್ಲಿಸಬೇಕು. "ಮೊನ್ನೆನೇ ಕಟ್ಟಿದ್ದೀನಿ" ಎಂದರೆ ವಾದ ಬೇಡ. "ದುಡ್ಡು ಕಳಿಸಿದ್ದರ ಯುಟಿಆರ್ ನಂಬರ್ ಹೇಳ್ತೀರಾ? ಪರಿಶೀಲಿಸಿ ನಾಳೆ 4 ಗಂಟೆಯೊಳಗೆ ತಿಳಿಸ್ತೀವಿ, ಅಲ್ಲಿವರೆಗೆ ಇದಕ್ಕೆ ಫೋನ್ ಬರಲ್ಲ." ಹೀಗೆ ಹೇಳಿದ ಮೇಲೆ ಖಾತೆಯನ್ನು ಡಯಲರ್ ಪಟ್ಟಿಯಿಂದ ತೆಗೆಯದಿದ್ದರೆ, ಬೆಳಿಗ್ಗೆ ಇನ್ನೊಬ್ಬ ಕಾಲರ್ ಫೋನ್ ಮಾಡಿ ಎಲ್ಲವನ್ನೂ ಕೆಡಿಸುತ್ತಾರೆ. ಬೈದರೆ, "ಈಗ ಮಾತಾಡೋ ಸಮಯ ಅಲ್ಲ ಅನ್ಸುತ್ತೆ, ಯಾವಾಗ ಮಾಡ್ಲಿ?" ಎಂದು ಮುಗಿಸಿ. ಸಾವು, ಅಪಘಾತ, ಜೀವ ಬೇಡವೆಂಬ ಮಾತು ಬಂದರೆ ಹಣದ ವಿಷಯ ಅಲ್ಲೇ ಬಿಟ್ಟು ಮೇಲ್ವಿಚಾರಕರಿಗೆ ಆ ಕ್ಷಣವೇ ಕರೆ ದಾಟಿಸಬೇಕು.

ಕರೆ ಮುಗಿದ ಮೇಲೆ ಒಂದು ಎಸ್‌ಎಂಎಸ್: "ಕಂತು ₹3,240, ಶುಲ್ಕ ಸೇರಿ 10ನೇ ತಾರೀಖಿಗೆ ₹3,601. ಆ್ಯಪ್ ಅಥವಾ ಶಾಖೆಯಲ್ಲಿ ಕಟ್ಟಬಹುದು. ದೂರಿದ್ದರೆ ಈ ನಂಬರ್." ಕರೆಯಲ್ಲಿ ಹೇಳಿದ ಅಂಕಿ, ಇದರಲ್ಲಿನ ಅಂಕಿ ಬೇರೆಯಾದರೆ ಯಾವ ದಿನದ ಲೆಕ್ಕ ಎಂಬುದು ಅದರಲ್ಲೇ ಬರೆದಿರಬೇಕು.