ಕಮಿಷನ್ ಎಷ್ಟು ಅನ್ನುವುದಕ್ಕಿಂತ ಯಾವಾಗ, ಯಾವುದರ ಮೇಲೆ

ಗೆಳೆಯರೇ, ಟ್ರಾವೆಲ್ ಕಂಪನಿಗಳಲ್ಲಿ ಟೂರ್ ಪ್ಯಾಕೇಜ್ ಮಾರುವ ಕೆಲಸಕ್ಕೆ ಸೇರಬೇಕು ಅಂತಿರುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಹಾಗಾಗಿ ಆ ಒಂದು ಕೆಲಸದ ಸಂಬಳದ ಬಗ್ಗೆ ಮಾತ್ರ ಮಾತಾಡುತ್ತೇನೆ. ಹಣದ ಹೆಸರು ಬೇಡ, ಬರೀ ಅಂಕಿ ಸಾಕು.

ಸಂದರ್ಶನದಲ್ಲಿ ಹೀಗೆ ಹೇಳುತ್ತಾರೆ ಅಂದುಕೊಳ್ಳಿ: "ತಿಂಗಳಿಗೆ ಮೂಲ ಸಂಬಳ 100. ಮೇಲೆ ಹತ್ತು ಪರ್ಸೆಂಟ್ ಕಮಿಷನ್. ನಮ್ಮ ಹುಡುಗರು ತಿಂಗಳಿಗೆ 250 ತೆಗೀತಾರೆ." ಇದು ಸುಳ್ಳಲ್ಲದೆ ಇರಬಹುದು. ಆದರೆ ಯಾವ ತಿಂಗಳ ಮಾತು? ಯಾವುದರ ಹತ್ತು ಪರ್ಸೆಂಟ್?

ಎರಡನೆಯದನ್ನು ಮೊದಲು ನೋಡೋಣ. ಒಂದು ಪ್ಯಾಕೇಜ್ 1,000ಕ್ಕೆ ಮಾರಿದಿರಿ. ಹೋಟೆಲ್, ವಾಹನ, ಟಿಕೆಟ್, ಗೈಡ್ ಎಲ್ಲ ಸೇರಿ ಕಂಪನಿಗೆ 880 ಖರ್ಚು. ಉಳಿಯುವುದು 120. ಮಾರಾಟದ ಬೆಲೆ ಮೇಲೆ ಹತ್ತು ಪರ್ಸೆಂಟ್ ಅಂದರೆ ನಿಮಗೆ 100. ಉಳಿದ ಹಣದ ಮೇಲಾದರೆ 12. ಹೇಳುವಾಗ ಎರಡೂ "ಹತ್ತು ಪರ್ಸೆಂಟ್" ಅಂತಲೇ ಕೇಳಿಸುತ್ತದೆ, ಅಲ್ವಾ? 120 ಉಳಿಯುವ ಕಡೆ 100 ನಿಮಗೇ ಕೊಟ್ಟರೆ ಕಂಪನಿ ನಡೆಯುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಅದು ಲಾಭದ ಮೇಲಿನ ಮಾತೇ ಆಗಿರುತ್ತದೆ. ಆಗ ಇನ್ನೊಂದು ಪ್ರಶ್ನೆ ಏಳುತ್ತದೆ. ಗಿರಾಕಿಗೆ ನೀವು 40 ರಿಯಾಯಿತಿ ಕೊಟ್ಟರೆ ಲಾಭ 80ಕ್ಕೆ ಇಳಿಯುತ್ತದೆ, ನಿಮ್ಮ ಪಾಲು 8 ಆಗುತ್ತದೆ. ಮ್ಯಾನೇಜರ್ ತಾವೇ ರಿಯಾಯಿತಿ ಕೊಟ್ಟಾಗಲೂ ನಿಮ್ಮ ಪಾಲೇ ಕಡಿಮೆ ಆಗುತ್ತದಾ? ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ಈಗ ಸಮಯದ ವಿಷಯ. ನನ್ನ ಪ್ರಕಾರ ಹೊಸಬರು ಜಾಸ್ತಿ ಪೆಟ್ಟು ತಿನ್ನುವುದು ಇಲ್ಲೇ. ಜನ ಪ್ರವಾಸ ಹೋಗುವ ಸೀಸನ್ ಬೇರೆ, ಬುಕ್ ಮಾಡುವ ಸೀಸನ್ ಬೇರೆ. ಗೈಡ್, ಡ್ರೈವರ್‌ಗಳಿಗೆ ಕೆಲಸ ತುಂಬುವ ಹೊತ್ತಿಗೆ ಮಾರಾಟದವರ ಫೋನ್ ತಣ್ಣಗಾಗಿರುತ್ತದೆ. ಜನವರಿಯಲ್ಲಿ ಸೇರಿ ಅದೇ ತಿಂಗಳು ಜೂನ್‌ನ ಪ್ರವಾಸ ಮಾರಿದಿರಿ ಅನ್ನಿ. ಎಷ್ಟೋ ಕಂಪನಿಗಳು ಗಿರಾಕಿ ಹೊರಟ ಮೇಲೆಯೇ ಕಮಿಷನ್ ಲೆಕ್ಕಕ್ಕೆ ಹಿಡಿಯುತ್ತವೆ. ನಡುವೆ ಬುಕಿಂಗ್ ರದ್ದಾಗಬಹುದಲ್ಲ, ಅದಕ್ಕೆ. ಅಂದರೆ ಜನವರಿಯ ದುಡಿಮೆ ನಿಮ್ಮ ಕೈಗೆ ಬರುವುದು ಜುಲೈ ಸಂಬಳದಲ್ಲಿ. ಅಲ್ಲಿಯವರೆಗೆ ತಿಂಗಳಿಗೆ ಬರೀ 100. ಮೇನಲ್ಲಿ ಕೆಲಸ ಬಿಟ್ಟರೆ? ಬಾಕಿ ಇರುವ ಬುಕಿಂಗ್‌ಗಳ ಕಮಿಷನ್ ಕೊಡುತ್ತಾರೋ ಇಲ್ಲವೋ ಅನ್ನುವುದು ಆಫರ್ ಲೆಟರ್‌ನಲ್ಲಿ ಇಲ್ಲದಿದ್ದರೆ, ಆಮೇಲೆ ಕೇಳಿ ಪಡೆಯುವುದು ತುಂಬಾ ಕಷ್ಟ. ಕೆಲವರು ಬುಕಿಂಗ್ ಆದ ತಿಂಗಳೇ ಕೊಟ್ಟು, ರದ್ದಾದರೆ ಮುಂದಿನ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಅದೂ ತಪ್ಪಲ್ಲ. ಹಾಗಿದ್ದರೆ ಕೈಗೆ ಬಂದ ಕಮಿಷನ್ ಪೂರ್ತಿ ಖರ್ಚು ಮಾಡಬೇಡಿ.

ಇನ್ನು ಆ 250. ನಾಲ್ಕು ತಿಂಗಳು ಕಮಿಷನ್ 150, ನಾಲ್ಕು ತಿಂಗಳು 50, ಉಳಿದ ನಾಲ್ಕು ತಿಂಗಳು 10 ಅಂತ ಇಟ್ಟುಕೊಳ್ಳಿ. ವರ್ಷದ ಕಮಿಷನ್ 840, ಮೂಲ ಸಂಬಳ 1,200, ಒಟ್ಟು 2,040. ತಿಂಗಳಿಗೆ ಸರಾಸರಿ 170. ಮನೆ ಖರ್ಚು 140 ಇದ್ದವರಿಗೆ ವರ್ಷದ ಲೆಕ್ಕದಲ್ಲಿ ಸಾಕಾಗುತ್ತದೆ. ಆದರೆ ಆಫ್ ಸೀಸನ್‌ನಲ್ಲಿ ಬರುವುದು 110, ಪ್ರತಿ ತಿಂಗಳೂ 30 ಕಡಿಮೆ. ಮೊದಲ ವರ್ಷ ಕೈಯಲ್ಲಿ ಉಳಿತಾಯ ಇಲ್ಲದೆ ಅದೇ ತಿಂಗಳುಗಳಲ್ಲಿ ಸೇರಿದವರು ಸಾಲ ಮಾಡಿಕೊಳ್ಳುತ್ತಾರೆ. ಅದಕ್ಕೇ "ಜಾಸ್ತಿ ಎಷ್ಟು ಬರುತ್ತದೆ" ಅಂತ ಕೇಳಬೇಡಿ. "ಇಲ್ಲಿ ಎರಡು ವರ್ಷ ಕೆಲಸ ಮಾಡಿದ ಒಬ್ಬ ಸಾಧಾರಣ ಮಾರಾಟಗಾರರಿಗೆ ಹೋದ ವರ್ಷ ತಿಂಗಳು ತಿಂಗಳು ಎಷ್ಟು ಬಂತು?" ಅಂತ ಕೇಳಿ. ಹೆಸರು ಬೇಡ, ಅಂಕಿ ಸಾಕು. ಒಳ್ಳೆ ಕಂಪನಿ ತೋರಿಸುತ್ತದೆ.

ಒಳ್ಳೆ ಕಂಪನಿ ಅಂತ ತಿಳಿಯುವುದು ಹೇಗೆ? ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಅಯಾಟಾದ ಮಾನ್ಯತೆ ಇದೆಯಾ ನೋಡಿ. ಇದ್ದರೆ ವಿಮಾನ ಟಿಕೆಟ್ ವ್ಯವಹಾರದಲ್ಲಿ ಹಣಕಾಸಿನ ಪರೀಕ್ಷೆ ದಾಟಿದೆ ಅಂತ ಅರ್ಥ. ಸಿಬ್ಬಂದಿಗೆ ಸರಿಯಾಗಿ ಸಂಬಳ ಕೊಡುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಅದಕ್ಕಿಂತ, ಕಂಪನಿ ಬಳಸುವ ಹೋಟೆಲ್‌ನವರನ್ನು, ವಾಹನದ ಮಾಲೀಕರನ್ನು ವಿಚಾರಿಸಿ. ಬಾಕಿ ಉಳಿಸಿಕೊಳ್ಳುವ ಕಂಪನಿ ಯಾವುದು ಅಂತ ಅವರಿಗೇ ಮೊದಲು ಗೊತ್ತಾಗುವುದು. ಒಳಗೆ ಸೇರಿದ ಮೇಲೆ, ರೂಮ್ ಖಾತ್ರಿಯಾಗಿದೆ ಅನ್ನುವ ಹೋಟೆಲ್ ವೋಚರ್ ಯಾವಾಗ ಬರುತ್ತದೆ ಗಮನಿಸಿ. ಗಿರಾಕಿ ಪೂರ್ತಿ ಹಣ ಕಟ್ಟಿ ತಿಂಗಳುಗಳೇ ಆಗಿದ್ದರೂ ಪ್ರತಿ ಸಲ ಹೊರಡುವ ಹಿಂದಿನ ದಿನವೇ ಬರುತ್ತಿದ್ದರೆ, ಹೊಸ ಗಿರಾಕಿಯ ಮುಂಗಡದಲ್ಲಿ ಹಳೆ ಗಿರಾಕಿಯ ಬಿಲ್ ತೀರಿಸುತ್ತಿರಬಹುದು. ಬುಕಿಂಗ್ ಒಂದು ಸೀಸನ್ ಕುಸಿದರೂ ಅಂಥ ಕಂಪನಿ ನಿಂತುಹೋಗುತ್ತದೆ. ಬೈಸಿಕೊಳ್ಳುವುದು ಕೌಂಟರಿನಲ್ಲಿ ಕೂತ ನೀವು.

ಸಂಬಳವೇ ಇಲ್ಲ, ಬರೀ ಕಮಿಷನ್ ಅನ್ನುವಲ್ಲಿ ಇನ್ನೂ ಎಚ್ಚರ ಬೇಕು. ಚೀನಾದಲ್ಲಿ ತೀರಾ ಅಗ್ಗದ ಪ್ರವಾಸ ಮಾರಿ, ಪ್ರವಾಸಿಗರನ್ನು ಅಂಗಡಿಗಳಿಗೆ ಒಯ್ದು, ಅಲ್ಲಿನ ಕಮಿಷನ್‌ನಲ್ಲಿ ನಷ್ಟ ತುಂಬಿಕೊಳ್ಳುವುದು ಎಷ್ಟು ಹೆಚ್ಚಿತ್ತೆಂದರೆ, 2013ರ ಪ್ರವಾಸೋದ್ಯಮ ಕಾನೂನು ಅದನ್ನು ನಿಷೇಧಿಸಬೇಕಾಯಿತು. ಗೈಡ್‌ನ ಊಟ ಪ್ರವಾಸಿ ಕೊಳ್ಳುವ ವಸ್ತುವಿನ ಮೇಲೆ ನಿಂತಿದ್ದರೆ ಆತ ಒತ್ತಾಯ ಮಾಡದೆ ಇನ್ನೇನು ಮಾಡುತ್ತಾನೆ?

ಸೇರಲು ನೀವೇ ದುಡ್ಡು ಕಟ್ಟಬೇಕು, ಬೇರೆಯವರನ್ನು ಸೇರಿಸಿದರೆ ನಿಮಗೆ ಪಾಲು ಅನ್ನುವವರೂ ಇದ್ದಾರೆ. ಅಲ್ಲಿ ಆದಾಯ ಬರುವುದು ಪ್ರವಾಸ ಮಾರಿ ಅಲ್ಲ, ಜನರನ್ನು ಸೇರಿಸಿ. ಗಿರಾಕಿಯ ಹಣವನ್ನು ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಿ ಅಂತ ಮಾಲೀಕರು ಹೇಳಿದರೆ ಒಂದೇ ಒಂದು ಸಲಕ್ಕೂ ಒಪ್ಪಬೇಡಿ. ನಾಳೆ ಪ್ರವಾಸ ರದ್ದಾದಾಗ ದಾಖಲೆಯಲ್ಲಿ ಹಣ ಪಡೆದವರ ಹೆಸರು ನಿಮ್ಮದೇ ಇರುತ್ತದೆ.