ಕಟ್ ಗೊತ್ತಾಗದ ಹಾಗೆ ಕಟ್ ಮಾಡೋದು: ಒಂದು ಲೋಟ ಕಾಫಿ, ಎರಡು ಶಾಟ್

[ತೆರೆ: ಮಿಡ್ ಶಾಟ್. ಮೇಜಿನ ಮೇಲಿನ ಕಾಫಿ ಲೋಟವನ್ನು ಕೈ ಎತ್ತುತ್ತದೆ. ಕಟ್. ಕ್ಲೋಸಪ್: ಲೋಟ ತುಟಿಗೆ.]

ಎರಡು ಶಾಟ್, ನಡುವೆ ಒಂದು ಕಟ್. ಈ ಕಟ್ ಎಲ್ಲಿಡಬೇಕು?

ಕೈ ಅಲ್ಲಾಡುವ ಮೊದಲೇ ಇಟ್ಟರೆ ಎರಡೂ ಶಾಟ್‌ನಲ್ಲಿ ಏನೂ ನಡೀತಿರಲ್ಲ, ಚಿತ್ರ ದಿಢೀರನೆ ದೊಡ್ಡದಾಗಿದ್ದು ಮಾತ್ರ ಕಣ್ಣಿಗೆ ಬೀಳುತ್ತೆ. ಲೋಟ ತುಟಿಗೆ ತಾಗಿದ ಮೇಲೆ ಇಟ್ಟರೂ ಅದೇ ಕಥೆ. ಕೆಲಸ ಮುಗಿದಿರುತ್ತೆ, ಕಣ್ಣು ಖಾಲಿ ಕೂತಿರುತ್ತೆ. ಚಲನೆ ಶುರುವಾಗಿ, ಇನ್ನೂ ಮುಗಿಯದೆ ಇರೋ ಜಾಗದಲ್ಲೇ ಕಟ್ ಬೀಳಬೇಕು.

[ತೆರೆ: ಟೈಮ್‌ಲೈನ್. 1ರಿಂದ 25ರವರೆಗಿನ ಫ್ರೇಮ್‌ಗಳು.]

ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಶೂಟ್ ಮಾಡಿದ್ದೀವಿ, ಲೋಟ ತುಟಿ ತಲುಪೋಕೆ ಒಂದು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಎಂಟನೇ ಅಥವಾ ಒಂಬತ್ತನೇ ಫ್ರೇಮ್‌ನ ಹತ್ತಿರ ಕಟ್ ಇಟ್ಟು ನೋಡಿ. ಅಷ್ಟೊತ್ತಿಗೆ ಕಣ್ಣು ಲೋಟದ ಹಿಂದೆ ಹೊರಟಿರುತ್ತೆ, ಅದು ಎಲ್ಲಿಗೆ ಹೋಗುತ್ತೆ ಅಂತ ನೋಡೋ ಆತುರದಲ್ಲಿ ಶಾಟ್ ಬದಲಾಗಿದ್ದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಆದರೆ ಈ ಕಟ್ ಸಿಗಬೇಕಾದರೆ ಶೂಟಿಂಗ್‌ನಲ್ಲೇ ಅದಕ್ಕೆ ಜಾಗ ಇಟ್ಟಿರಬೇಕು. ಎಲ್ಲರೂ ಎಡವೋದು ಇಲ್ಲೇ. ಕ್ಲೋಸಪ್ ತೆಗೆಯುವಾಗ ನಟರಿಗೆ ಲೋಟವನ್ನ ಎದೆಮಟ್ಟಕ್ಕೆ ಹಿಡಿದುಕೊಳ್ಳೋಕೆ ಹೇಳಿ, ಅಲ್ಲಿಂದ ಆ್ಯಕ್ಷನ್ ಅಂತಾರೆ. ನಿಂತ ಕೈ ಹೊರಡುವಾಗ ಮೊದಲ ಕೆಲವು ಫ್ರೇಮ್ ನಿಧಾನ ಇರುತ್ತೆ. ಮಿಡ್ ಶಾಟ್‌ನಲ್ಲಿ ವೇಗವಾಗಿ ಮೇಲೇಳ್ತಿದ್ದ ಕೈ ಕಟ್ ಆದ ತಕ್ಷಣ ಬ್ರೇಕ್ ಹಾಕಿದ ಹಾಗೆ ಕಾಣುತ್ತೆ. ಅದಕ್ಕೇ ಎರಡೂ ಶಾಟ್‌ನಲ್ಲಿ ಇಡೀ ಕ್ರಿಯೆ ನಡೀಲಿ: ಮೇಜಿನಿಂದ ಎತ್ತಿ, ಗುಟುಕರಿಸಿ, ಲೋಟ ಕೆಳಗಿಡೋವರೆಗೆ. ಅದೇ ಕೈ, ಲೋಟದಲ್ಲಿ ಅಷ್ಟೇ ಕಾಫಿ. ಕ್ಲೋಸಪ್‌ಗೆ ಕ್ಯಾಮೆರಾವನ್ನ ಬರೀ ಹತ್ತಿರ ತಂದರೆ ಸಾಲದು, ಕನಿಷ್ಠ 30 ಡಿಗ್ರಿಯಷ್ಟು ಪಕ್ಕಕ್ಕೂ ಸರಿಸಿ. ಇಲ್ಲದಿದ್ದರೆ ಜಂಪ್ ಹೊಡೆದಂತೆ ಕಾಣೋ ಸಾಧ್ಯತೆ ಹೆಚ್ಚು.

ಇನ್ನೊಂದು ವಿಷಯ ವೇಗದ್ದು. ಮಿಡ್ ಶಾಟ್‌ನಲ್ಲಿ ತೆರೆಯ ಕಾಲು ಭಾಗ ದಾಟುವ ಲೋಟ, ಕ್ಲೋಸಪ್‌ನಲ್ಲಿ ಕೆಳಗಿಂದ ಮೇಲಕ್ಕೆ ಸರ್ರನೆ ಹೋಗಿಬಿಡುತ್ತೆ. ಕ್ಲೋಸಪ್‌ನಲ್ಲಿ ಒಂಚೂರು ನಿಧಾನ ಎತ್ತಿ ಅಂತ ನಟರಿಗೆ ಹೇಳಿ. ಎಡಿಟಿಂಗ್‌ನಲ್ಲಿ ವೇಗ ಇಳಿಸಬಹುದು ನಿಜ, ಆದರೆ ಕೃತಕ ಫ್ರೇಮ್ ಸೇರಿಸಿದಾಗ ಬೆರಳುಗಳು ಕಲಸಿದ ಹಾಗೆ ಆಗೋದುಂಟು.

[ತೆರೆ: ಮಿಡ್ ಶಾಟ್ ಕೆಳಗಿನ ವಿಡಿಯೊ ಟ್ರ್ಯಾಕ್ V1ರಲ್ಲಿ, ಕ್ಲೋಸಪ್ ಅದರ ಮೇಲಿನ V2ರಲ್ಲಿ. ಎರಡರಲ್ಲೂ ಮಾರ್ಕರ್.]

ಈಗ ಎಡಿಟಿಂಗ್. ಲೋಟದ ತಳ ಮೇಜು ಬಿಡುವ ಫ್ರೇಮ್ ಎರಡೂ ಶಾಟ್‌ನಲ್ಲಿ ಹುಡುಕಿ ಮಾರ್ಕರ್ ಹಾಕಿ. ಮಾರ್ಕರ್‌ಗಳನ್ನ ಒಂದರ ಮೇಲೊಂದು ಕೂರಿಸಿ, ಮಾರ್ಕರ್‌ನಿಂದ ಎಂಟನೇ ಫ್ರೇಮ್‌ನಲ್ಲಿ ಕಟ್ ಮಾಡಿ, ಕ್ಲೋಸಪ್‌ನ ಉಳಿದ ಭಾಗವನ್ನ V1ಕ್ಕೆ ಇಳಿಸಿ. ಆಮೇಲೆ ಪ್ರೀಮಿಯರ್ ಸಾಫ್ಟ್‌ವೇರ್‌ನಲ್ಲಾದರೆ N ಒತ್ತಿ Rolling Edit ತಗೊಂಡು ಕಟ್ ಅನ್ನ ಆಚೆ ಈಚೆ ಸರಿಸಿ. ಇದರಿಂದ ಹೊಂದಾಣಿಕೆ ಕೆಡಲ್ಲ, ಕಟ್‌ನ ಜಾಗ ಮಾತ್ರ ಬದಲಾಗುತ್ತೆ.

ಲೆಕ್ಕದ ಪ್ರಕಾರ ಫ್ರೇಮ್‌ಗೆ ಫ್ರೇಮ್ ಕೂತಿದ್ದರೂ ಪ್ಲೇ ಮಾಡಿದಾಗ ಏನೋ ಹಾರಿಹೋದ ಹಾಗೆ ಅನಿಸಬಹುದು. ಹೊಸ ಶಾಟ್‌ನಲ್ಲಿ ಲೋಟ ಎಲ್ಲಿದೆ ಅಂತ ಕಣ್ಣು ಹುಡುಕುವಷ್ಟರಲ್ಲಿ ಒಂದೆರಡು ಫ್ರೇಮ್ ಕಳೆದಿರುತ್ತೆ. ಆದ್ದರಿಂದ ಕ್ಲೋಸಪ್ ಅನ್ನ ಎರಡು ಮೂರು ಫ್ರೇಮ್ ಹಿಂದಿನಿಂದ ಶುರು ಮಾಡಿ, ಅಂದರೆ ಅಷ್ಟು ಚಲನೆ ಎರಡು ಸಲ ಬರಲಿ. ಅತಿಯಾದರೆ ಕೈ ತಡವರಿಸಿ ಎರಡು ಸಲ ಎತ್ತಿದ ಹಾಗೆ ಕಾಣುತ್ತೆ, ಆಗ ಕಡಿಮೆ ಮಾಡಿ. ನಿಂತ ಫ್ರೇಮ್ ನೋಡಿ ತೀರ್ಮಾನ ಮಾಡಬೇಡಿ. ಕಟ್‌ಗೆ ಮೂರು ಸೆಕೆಂಡ್ ಹಿಂದಿನಿಂದ, ಸೌಂಡ್ ಮ್ಯೂಟ್ ಮಾಡಿ, ಮಾಮೂಲಿ ವೇಗದಲ್ಲೇ ಪ್ಲೇ ಮಾಡಿ ನೋಡಿ.

[ತೆರೆ: ಕಾವಲಿಯ ಮೇಲೆ ದೋಸೆ ಹಿಟ್ಟು ಹರಡುವ ಸೌಟು, ಮೇಲಿಂದ. ಕಟ್. ತಿರುಗುವ ತಿಗರಿ, ಮೇಲಿಂದ.]

ಇಲ್ಲಿಯವರೆಗೆ ಒಂದೇ ಕ್ರಿಯೆಯ ಎರಡು ಶಾಟ್ ನೋಡಿದ್ವಿ. ಒಂದು ವಸ್ತುವಿನಿಂದ ಅದನ್ನೇ ಹೋಲೋ ಇನ್ನೊಂದಕ್ಕೆ ಹಾರೋ ಮ್ಯಾಚ್ ಕಟ್‌ನಲ್ಲಿ ವಸ್ತುವೇ ಬೇರೆ, ಜಾಗವೇ ಬೇರೆ. ಹಾಗಾಗಿ ಕಣ್ಣಿಗೆ ಹಿಡಿದುಕೊಳ್ಳೋಕೆ ಇರೋದು ಆಕಾರ, ತೆರೆಯ ಮೇಲಿನ ಜಾಗ, ಚಲನೆಯ ದಿಕ್ಕು. ಸೌಟು ಎಡದಿಂದ ಬಲಕ್ಕೆ ಸುತ್ತುತ್ತಿದ್ದು ತಿಗರಿ ಬಲದಿಂದ ಎಡಕ್ಕೆ ತಿರುಗಿದರೆ ಕೆಲಸ ಕೆಟ್ಟಿತು. ಟೈಮ್‌ಲೈನ್‌ನಲ್ಲಿ ದೋಸೆಯ ಶಾಟ್ ಅನ್ನ ತಿಗರಿಯ ಶಾಟ್ ಮೇಲಿನ ಟ್ರ್ಯಾಕ್‌ನಲ್ಲಿಟ್ಟು ಅದರ Opacity 50ಕ್ಕೆ ಇಳಿಸಿ, ದೋಸೆಯ ನಡುಬಿಂದು ತಿಗರಿಯ ನಡುಬಿಂದುವಿನ ಮೇಲೆ ಕೂರೋವರೆಗೆ ಸರಿಸಿ, ಅಂಚಿಗೆ ಅಂಚು ತಾಗೋವರೆಗೆ ದೊಡ್ಡದು ಮಾಡಿ, ಆಮೇಲೆ Opacity ಮತ್ತೆ 100ಕ್ಕೆ ತನ್ನಿ. ಫುಲ್ ಎಚ್‌ಡಿಯಲ್ಲಿ ತೆಗೆದ ಶಾಟ್ ಅನ್ನ ತುಂಬಾ ಹಿಗ್ಗಿಸಿದರೆ ಚಿತ್ರ ಮಂಕಾಗುತ್ತೆ. 4ಕೆಯಲ್ಲಿ ತೆಗೆದು ಎಚ್‌ಡಿ ಟೈಮ್‌ಲೈನ್‌ನಲ್ಲಿ ಹಾಕಿದರೆ ಎರಡು ಪಟ್ಟು ಹಿಗ್ಗಿಸೋಕೆ ಜಾಗ ಸಿಗುತ್ತೆ.

ವೇಗ ಅಷ್ಟು ಕರಾರುವಾಕ್ಕಾಗಿ ಕೂರಲೇಬೇಕು ಅಂತೇನಿಲ್ಲ. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಗಾಳಿಯಲ್ಲಿ ಗಿರಗಿರ ತಿರುಗೋ ಮೂಳೆಯಿಂದ ಬಾಹ್ಯಾಕಾಶದಲ್ಲಿ ನಿಧಾನ ತೇಲೋ ಉಪಗ್ರಹಕ್ಕೆ ಕಟ್ ಮಾಡ್ತಾರೆ. ಅಲ್ಲಿ ಹೊಂದೋದು ಉದ್ದನೆಯ ಆಕಾರ, ವೇಗ ಅಲ್ಲ.

ಶಬ್ದವನ್ನ ಮಾತ್ರ ಚಿತ್ರ ಕಟ್ ಆದ ಫ್ರೇಮ್‌ನಲ್ಲೇ ಕತ್ತರಿಸಬೇಡಿ. ದೋಸೆಯ ಚುಂಯ್ ಸದ್ದು ತಿಗರಿಯ ಮೇಲೆ ಹತ್ತು ಹನ್ನೆರಡು ಫ್ರೇಮ್ ಮುಂದುವರಿದು, ಆಮೇಲೆ ನಿಧಾನಕ್ಕೆ ಇಳಿಯಲಿ.